ಉತ್ತರ ಸರಿ, ಕಾರಣ ಹೇಳು

ಕಳೆದ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಫೋನಿಗೆ ಒಂದು ಫೋಟೊ ಕಳಿಸಿದಳು. ಜಗಳೂರು ಕಡೆಯ ಹಳ್ಳಿಯಲ್ಲಿರುವ ತವರುಮನೆಯ ಅಟ್ಟ ಗುಡಿಸುವಾಗ ಅವಳಿಗೆ ತನ್ನ ದ್ವಿತೀಯ ಪಿಯುಸಿ ಗಣಿತ ಪುಸ್ತಕ ಸಿಕ್ಕಿತಂತೆ. ಅದರೊಳಗೆ ನಾಲ್ಕು ಮಡಿಕೆಯಾಗಿದ್ದ ಹಾಳೆಯೊಂದು ಇತ್ತು. ಅಕ್ಷರ ನನ್ನದು. ಅಸೈನ್‌ಮೆಂಟ್ ಪುಸ್ತಕದ ಕೊನೆಗೆ ಪಿನ್ ಹೊಡೆದು ಅವಳಿಗೆ ಕೊಟ್ಟಿದ್ದ ಚೀಟಿ. ಈಗ ಅವಳೇ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಡಂ. ‘ಸರ್, ನಮ್ಮ ಹುಡುಗರ ಮುಂದೆ ಇದನ್ನು ಓದಿದೆ’ ಎಂದು ಫೋಟೊದ ಕೆಳಗೆ ಬರೆದಿದ್ದಳು.

ಚೀಟಿಯಲ್ಲಿದ್ದದ್ದು ಇಷ್ಟು:

‘ನಿನ್ನ ಹತ್ತೂ ಲೆಕ್ಕ ಸರಿಯಾಗಿವೆ. ಎಲ್ಲಿಯೂ ಚಿಹ್ನೆ ತಪ್ಪಿಲ್ಲ, ಸಾಲು ಬಿಟ್ಟಿಲ್ಲ. ಇವತ್ತು ಮೊದಲನೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡು ಎಂದಾಗ ಪೂರ್ತಿ ಮಾಡಿದೆ. ಅರ್ಧ ಯಾಕೆ ಬಂತು ಎಂದು ಕೇಳಿದಾಗ ಸುಮ್ಮನೆ ನಿಂತೆ. ಯಾರ ನೋಟ್ಸ್ ನೋಡಿದೆ ಎಂದು ನಾನು ಕೇಳುವುದಿಲ್ಲ. ಈ ಮೂರು ಪ್ರಶ್ನೆಗೆ ಉತ್ತರ ಹೇಳು.

ಒಂದು. sin x / (sin x + cos x) ಇದ್ದಾಗ π/4 ಬಂದಿದೆ. sin, cos ಎರಡಕ್ಕೂ ವರ್ಗಮೂಲ ಹಾಕಿದರೂ π/4, ಐದನೇ ಘಾತ ಹಾಕಿದರೂ π/4. ಒಳಗಿರುವುದು ಇಷ್ಟು ಬದಲಾದರೂ ಉತ್ತರ ಯಾಕೆ ಅಲ್ಲಾಡಲಿಲ್ಲ?

ಎರಡು. ಎಂಟನೇ ಲೆಕ್ಕದ ಲಿಮಿಟ್ π/6 ರಿಂದ π/3. ಅಲ್ಲಿ ನೀನು a = π/2 ಎಂದು ಬರೆದಿದ್ದೀಯ. ಆ ಎರಡು ತುದಿಗಳಲ್ಲಿ π/2 ಎಲ್ಲಿದೆ? ಇಲ್ಲದಿದ್ದರೂ ಉತ್ತರ ಸರಿ ಬಂದದ್ದು ಹೇಗೆ?

ಮೂರು. ಮೊದಲನೇ ಲೆಕ್ಕದ ಮೇಲಿನ ಲಿಮಿಟ್ π/2 ಬದಲು π/3 ಆದರೆ ಉತ್ತರ π/6 ಆಗುತ್ತದೆಯೆ? ಇಂಟಿಗ್ರೇಟ್ ಮಾಡಬೇಡ. ಅದಕ್ಕಿಂತ ಹೆಚ್ಚೊ, ಕಡಿಮೆಯೊ, ಸಮವೊ ಅಷ್ಟು ಹೇಳು, ಕಾರಣ ಕೊಡು.

ಕನ್ನಡದಲ್ಲಿ ಹೇಳು. ಚಿತ್ರ ಬರೆದು ಹೇಳಿದರೂ ಸರಿ. ಸೋಮವಾರ ಊಟದ ಬೆಲ್ ಆದ ಮೇಲೆ ಸ್ಟಾಫ್ ರೂಮಿಗೆ ಬಾ. ಮಾರ್ಕ್ಸ್ ಆಮೇಲೆ.’

ಓದಿ ಮುಗಿಸಿದಾಗ ನನಗೆ ನೆನಪಾದದ್ದು ಆ ಹುಡುಗಿಗಿಂತ ಮೊದಲು ಹೊನ್ನಾಳಿಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು. ಚೀಟಿಯಲ್ಲಿರುವ ಪ್ರಶ್ನೆಗಳ ಗುಣ ಅವರಿಂದ ಬಂದದ್ದು. ‘ಕನ್ನಡದಲ್ಲಿ ಹೇಳು’ ಎಂಬ ಸಾಲು ಮಾತ್ರ ಅವರಿಂದ ಬಂದದ್ದಲ್ಲ. ಅವರ ತರಗತಿಯಲ್ಲಿ ನಾನು ಕಂಡ ಒಂದು ಸಂಗತಿಯಿಂದ ಅದು ಹುಟ್ಟಿತು.

ನಾನು ನ್ಯಾಮತಿಯವನು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಹೊನ್ನಾಳಿಯೂ ಚನ್ನಗಿರಿಯೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇವೆಲ್ಲ ಒಂದಾದವು. ನ್ಯಾಮತಿ ಬೇರೆ ತಾಲ್ಲೂಕಾದದ್ದು ಇನ್ನೂ ಇಪ್ಪತ್ತು ವರ್ಷ ಆದ ಮೇಲೆ. ಎಂಬತ್ತರ ದಶಕದಲ್ಲಿ ಪಿಯುಸಿ ಸೈನ್ಸ್ ಓದಲು ನಾನು ಬೆಳಗಿನ ಬಸ್ಸಿಗೆ ಹೊನ್ನಾಳಿಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ತುಂಗಭದ್ರೆ ಕೆಂಪಗೆ ತುಂಬಿದಾಗ ಸೇತುವೆ ನೋಡಲು ಹೋದ ಹುಡುಗರು ಮೊದಲನೇ ಪೀರಿಯಡ್ಡಿಗೆ ಬರುತ್ತಿರಲಿಲ್ಲ. ಗಣಿತದ ಪೀರಿಯಡ್ ಮೊದಲನೆಯದಾದರೆ ಮಾತ್ರ ಎಲ್ಲರೂ ಇರುತ್ತಿದ್ದರು. ಮೇಷ್ಟ್ರ ಭಯ ಅಷ್ಟಿತ್ತು.

ಅವರು ಹೊಡೆದವರಲ್ಲ, ಬೈದವರಲ್ಲ. ಹೋಂವರ್ಕ್ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಕಾರಣ?’ ಎಂದು ಬರೆಯುತ್ತಿದ್ದರು. ಲೆಕ್ಕ ತಪ್ಪಾಗಿದ್ದರೆ ಗೆರೆ ಎಳೆದು ಬಿಡುತ್ತಿದ್ದರು. ಲೆಕ್ಕ ಸರಿಯಿದ್ದಾಗಲೇ ಈ ಪ್ರಶ್ನೆ. ಮರುದಿನ ಎದ್ದು ನಿಂತು ಉತ್ತರ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ಗೈಡ್ ನೋಡಿ ಬರೆದವನು ಯಾರು, ತಾನೇ ಯೋಚಿಸಿ ಬರೆದವನು ಯಾರು ಎಂಬುದು ಅವರಿಗೆ ಒಂದು ಪ್ರಶ್ನೆಯಲ್ಲಿ ಗೊತ್ತಾಗುತ್ತಿತ್ತು. ಲೆಕ್ಕದಲ್ಲಿ ಒಂದೇ ಒಂದು ಅಂಶ ಬದಲಾಯಿಸಿ ‘ಈಗ?’ ಎನ್ನುತ್ತಿದ್ದರು. ಕಂಠಪಾಠ ಮಾಡಿದವನು ಹಳೆಯ ಉತ್ತರವನ್ನೇ ಹೇಳುತ್ತಿದ್ದ, ಇಲ್ಲವೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ತಿಳಿದವನು ಒಂದು ಕ್ಷಣ ತಡೆದು, ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ಲೆಕ್ಕ ಹಾಕುತ್ತಿದ್ದ. ಆ ತಡೆಯನ್ನು ಅವರು ಕಾದು ನೋಡುತ್ತಿದ್ದರು.

ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಗೆಳೆಯನಿದ್ದ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವನು. ಬಸ್ಸಿನಲ್ಲಿ ನನಗೆ ತ್ರಿಕೋನಮಿತಿ ಹೇಳಿಕೊಟ್ಟವನು ಅವನೇ. ಯಾವ ಸೂತ್ರ ಎಲ್ಲಿಂದ ಬಂತು ಎಂದು ಬೆರಳಲ್ಲಿ ಗಾಳಿಯಲ್ಲಿ ಚಿತ್ರ ಬರೆದು ತೋರಿಸುತ್ತಿದ್ದ. ತರಗತಿಯಲ್ಲಿ ‘ಕಾರಣ?’ ಬಂದಾಗ ಅವನ ಬಾಯಿಂದ ಒಂದು ವಾಕ್ಯವೂ ಹೊರಡುತ್ತಿರಲಿಲ್ಲ. ಮೇಷ್ಟ್ರು ಅವನನ್ನೂ ಗೈಡ್ ನೋಡಿ ಬರೆಯುವವರ ಸಾಲಿಗೆ ಸೇರಿಸಿದರು. ಅವನು ಪ್ರಥಮ ಪಿಯುಸಿ ಮುಗಿಸಿ ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋದ.

ಈಗ ಯೋಚಿಸಿದರೆ ಆ ಮೇಷ್ಟ್ರ ಮೇಲೆ ನನಗಿರುವ ಗೌರವ ಕಡಿಮೆಯಾಗಿಲ್ಲ. ಒಂದು ತರಗತಿಯಲ್ಲಿ ತೊಂಬತ್ತು ಹುಡುಗರನ್ನು ಇಟ್ಟುಕೊಂಡು ಪ್ರತಿಯೊಬ್ಬನ ಪುಸ್ತಕ ತಿದ್ದಿದವರು ಅವರು. ಆದರೆ ಅವರ ಪ್ರಶ್ನೆ ಎರಡು ಬೇರೆ ಬೇರೆ ಮೌನಗಳನ್ನು ಒಂದೇ ಎಂದು ತಿಳಿಯಿತು. ಒಂದು, ಒಳಗೆ ಏನೂ ಇಲ್ಲದವನ ಮೌನ. ಇನ್ನೊಂದು, ಒಳಗೆ ಎಲ್ಲ ಇದ್ದು ಹೇಳುವ ಭಾಷೆ ಇಲ್ಲದವನ ಮೌನ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ನೋಡಲು ಮೇಷ್ಟ್ರು ತಮ್ಮ ಕಡೆಯಿಂದ ಒಂದು ಹೆಜ್ಜೆ ಇಡಬೇಕಿತ್ತು. ಆ ಹೆಜ್ಜೆ ಇಡುವ ರೂಢಿ ಆ ಕಾಲದ ಕಾಲೇಜುಗಳಲ್ಲಿ ಇರಲಿಲ್ಲ.

ಜಗಳೂರಿಗೆ ನಾನು ಉಪನ್ಯಾಸಕನಾಗಿ ಹೋದಾಗ ಪಿಯುಸಿ ಸೈನ್ಸ್‌ಗೆ ಎನ್‌ಸಿಇಆರ್‌ಟಿ ಪಠ್ಯ ಹೊಸದಾಗಿ ಬಂದಿತ್ತು. ರಾಜ್ಯದಲ್ಲಿ ಅದು 2012-13ರಿಂದ ಶುರುವಾಯಿತು. ಹೊನ್ನಾಳಿಯ ಹೊಳೆ, ನಾಲೆ, ಗದ್ದೆ ನೋಡಿ ಬೆಳೆದವನಿಗೆ ಜಗಳೂರು ಬೇರೆಯೇ ನಾಡು. ಮಳೆ ನಂಬಿದ ಹೊಲ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಬೋರ್‌ವೆಲ್ ಬತ್ತಿದರೆ ಅಪ್ಪ ಅಮ್ಮ ದುಡಿಯಲು ಬೇರೆ ಊರಿಗೆ. ಅಲ್ಲಿನ ಹುಡುಗರಿಗೆ ಸೈನ್ಸ್ ಎಂದರೆ ಸಿಇಟಿ, ಸಿಇಟಿ ಎಂದರೆ ಊರು ದಾಟುವ ದಾರಿ. ಅನುಕೂಲ ಇದ್ದವರು ರಜೆಯಲ್ಲಿ ದಾವಣಗೆರೆಗೆ ಟ್ಯೂಷನ್ನಿಗೆ ಹೋಗಿ ನೋಟ್ಸ್ ತರುತ್ತಿದ್ದರು. ಆ ನೋಟ್ಸ್ ಜೆರಾಕ್ಸ್ ಆಗಿ ಹಾಸ್ಟೆಲ್ಲಿನ ರೂಮಿನಿಂದ ರೂಮಿಗೆ ಹೋಗುತ್ತಿತ್ತು.

ನಾನು ಕೊಟ್ಟ ಹತ್ತು ಲೆಕ್ಕಗಳೂ ನಿಶ್ಚಿತ ಅನುಕಲನದವು, ಮಕ್ಕಳ ಮಾತಿನಲ್ಲಿ ಡೆಫಿನಿಟ್ ಇಂಟಿಗ್ರಲ್. ಪುಸ್ತಕದ ಏಳನೇ ಅಧ್ಯಾಯದಲ್ಲಿ ಒಂದು ಜಾತಿಯ ಲೆಕ್ಕಗಳಿವೆ. sin x / (sin x + cos x) ಎಂಬ ರೇಖೆಯ ಕೆಳಗೆ 0 ಯಿಂದ π/2 ವರೆಗೆ ಎಷ್ಟು ವಿಸ್ತೀರ್ಣ ಇದೆ ಎಂದು ಕೇಳುತ್ತಾರೆ. ನೇರವಾಗಿ ಹೋದರೆ ಸುತ್ತು ದಾರಿ. ಒಂದು ಪ್ರಾಪರ್ಟಿ ಬಳಸಿದರೆ ಐದಾರು ಸಾಲಿನಲ್ಲಿ ಮುಗಿಯುತ್ತದೆ: x ಇರುವಲ್ಲೆಲ್ಲ π/2 − x ಹಾಕು, sin ಹೋಗಿ cos ಆಗುತ್ತದೆ, cos ಹೋಗಿ sin ಆಗುತ್ತದೆ, ಹಳೆಯದನ್ನೂ ಹೊಸದನ್ನೂ ಕೂಡಿಸು, ಮೇಲೆ ಕೆಳಗೆ ಒಂದೇ ಆಗಿ 1 ಉಳಿಯುತ್ತದೆ, 1ರ ವಿಸ್ತೀರ್ಣ π/2, ಅದರಲ್ಲಿ ಅರ್ಧ π/4. ಟ್ಯೂಷನ್ ನೋಟ್ಸಿನಲ್ಲಿ ಇದನ್ನೂ ಮೊಟಕು ಮಾಡಿ ಚೌಕದೊಳಗೆ ಬರೆದಿದ್ದರು: ಈ ಆಕಾರ ಕಂಡರೆ ಮೇಲಿನ ಲಿಮಿಟ್ಟಿನಿಂದ ಕೆಳಗಿನದನ್ನು ಕಳೆದು ಅರ್ಧ ಮಾಡು.

ಸಿಇಟಿಗೆ ಅದು ಸಾಕು. ಅಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನಾಲ್ಕು ಆಯ್ಕೆಯಲ್ಲಿ ಒಂದನ್ನು ತುಂಬಬೇಕು, ತಪ್ಪಿದರೆ ಅಂಕ ಕಳೆಯುವುದಿಲ್ಲ. ಬೋರ್ಡ್ ಪರೀಕ್ಷೆಗೂ ಹೆಚ್ಚುಕಡಿಮೆ ಸಾಕು. ವ್ಯಾಲ್ಯುಯೇಷನ್ನಿಗೆ ಕೂತವರಿಗೆ ಗೊತ್ತು: ಪ್ರಾಪರ್ಟಿ ಬರೆದದ್ದಕ್ಕೆ ಒಂದು ಅಂಕ, ಬದಲಿ ಹಾಕಿದ್ದಕ್ಕೆ ಒಂದು, ಕೂಡಿಸಿ ಉತ್ತರ ತಂದದ್ದಕ್ಕೆ ಒಂದು, ಹೀಗೆ ಹಂಚುತ್ತ ಹೋಗುತ್ತೇವೆ. ಸ್ಟೆಪ್ ಬರೆದವನು ಕಾರಣ ಬಲ್ಲ ಎಂದು ಆ ಹಂಚಿಕೆ ನಂಬುತ್ತದೆ. ಆದರೆ ಉತ್ತರವನ್ನು ಕಂಠಪಾಠ ಮಾಡುವಂತೆ ಸ್ಟೆಪ್ಪುಗಳನ್ನೂ ಕಂಠಪಾಠ ಮಾಡಬಹುದು. ಈ ಹುಡುಗಿಯ ಪುಸ್ತಕದಲ್ಲಿ ಹತ್ತಕ್ಕೆ ಹತ್ತೂ ಲೆಕ್ಕದ ಎಲ್ಲ ಸ್ಟೆಪ್ಪುಗಳೂ ಇದ್ದವು.

ನನಗೆ ಅನುಮಾನ ಬಂದದ್ದು ಎಂಟನೇ ಲೆಕ್ಕದಿಂದ. ಅಲ್ಲಿ ತುದಿಗಳು π/6 ಮತ್ತು π/3. ಈ ಸಂದರ್ಭಕ್ಕೆ ಬೇಕಾದ ಪ್ರಾಪರ್ಟಿ ಬೇರೆ: ಎರಡು ತುದಿಗಳನ್ನು ಕೂಡಿಸಿ, ಅದರಿಂದ x ಕಳೆಯಬೇಕು. π/6 ಮತ್ತು π/3 ಕೂಡಿದರೆ π/2 ಆಗುತ್ತದೆ. ಹಾಗಾಗಿ ಕೊನೆಗೆ ಹಾಕುವ ಬದಲಿ ಮತ್ತೆ π/2 − x. ತಿಳಿದು ಮಾಡಿದವರು ಈ ಕೂಡುವ ಸಾಲನ್ನು ಬರೆಯುತ್ತಾರೆ, ಯಾಕೆಂದರೆ ಅವರಿಗೆ π/2 ಅಲ್ಲಿಂದಲೇ ಸಿಗಬೇಕು. ಇವಳು ಹಿಂದಿನ ಏಳು ಲೆಕ್ಕಗಳಲ್ಲಿ ಬರೆದಂತೆ ಇಲ್ಲಿಯೂ a = π/2 ಎಂದು ಬರೆದು ಮುಂದೆ ಹೋಗಿದ್ದಳು. ಲೆಕ್ಕ ಅವಳನ್ನು ಬಿಟ್ಟುಕೊಡಲಿಲ್ಲ, ಉತ್ತರ π/12 ಸರಿಯಾಗಿಯೇ ಬಂತು. ಕಾರಣ ತಪ್ಪು, ಉತ್ತರ ಸರಿ. ಮೇಷ್ಟ್ರ ಕೆಲಸದಲ್ಲಿ ಇದಕ್ಕಿಂತ ಕಷ್ಟದ ಸಂದರ್ಭ ಇಲ್ಲ. ತಪ್ಪು ಉತ್ತರ ತಾನೇ ಕೂಗಿ ಹೇಳುತ್ತದೆ. ತಪ್ಪು ಕಾರಣದ ಸರಿ ಉತ್ತರಕ್ಕೆ ಟಿಕ್ ಹಾಕಿ ಪುಟ ತಿರುಗಿಸಿಬಿಡುತ್ತೇವೆ.

ಬೋರ್ಡಿನ ಹತ್ತಿರ ಕರೆದು ‘ಅರ್ಧ ಯಾಕಮ್ಮ?’ ಎಂದೆ. ‘ಅರ್ಧ ಮಾಡಿದ್ರೆ ಬರ್ತತಿ ಸರ್’ ಎಂದು ಸುಮ್ಮನೆ ನಿಂತಳು. ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ಆಗಲೇ ನಾನು ಮಾತು ನಿಲ್ಲಿಸಿದ್ದು, ಸಂಜೆ ಕೂತು ಚೀಟಿ ಬರೆದದ್ದು. ಎಲ್ಲರ ಮುಂದೆ ನಿಂತವರಿಗೆ ಯೋಚಿಸಲು ಆಗುವುದಿಲ್ಲ. ಕಾಗದದ ಮೇಲಿನ ಪ್ರಶ್ನೆಯನ್ನು ಹಾಸ್ಟೆಲ್ಲಿಗೆ ಒಯ್ಯಬಹುದು, ಮತ್ತೆ ಮತ್ತೆ ಓದಬಹುದು, ಗೆಳತಿಯರ ಜೊತೆ ಜಗಳ ಆಡಬಹುದು. ಯಾರಿಂದ ಬರೆದುಕೊಂಡೆ ಎಂಬ ಪ್ರಶ್ನೆಯನ್ನು ಬೇಕೆಂದೇ ಕೈಬಿಟ್ಟೆ. ಆ ಪ್ರಶ್ನೆ ಬಂದ ಕೂಡಲೇ ಹುಡುಗರು ತಮ್ಮನ್ನು ಉಳಿಸಿಕೊಳ್ಳುವ ಕೆಲಸಕ್ಕೆ ತೊಡಗುತ್ತಾರೆ, ಲೆಕ್ಕ ಅಲ್ಲೇ ನಿಲ್ಲುತ್ತದೆ. ಅಲ್ಲದೆ ನೋಟ್ಸ್ ನೋಡಿ ಕಲಿಯುವುದು ಕಳ್ಳತನವೇನೂ ಅಲ್ಲ. ನಾವೆಲ್ಲ ಬೇರೆಯವರ ಲೆಕ್ಕ ನೋಡಿಯೇ ಕಲಿತವರು. ನೋಡಿದ್ದು ತನ್ನದಾಯಿತೆ ಎಂಬುದಷ್ಟೇ ನನಗೆ ಬೇಕಾಗಿತ್ತು.

ಸೋಮವಾರ ಬಂದಳು. ಮುಖ ಸಣ್ಣಗಾಗಿತ್ತು. ಮೂರನೇ ಪ್ರಶ್ನೆಗೆ ಮಾತ್ರ ಏನೋ ಹೇಳಲು ತಯಾರಾಗಿದ್ದಳು: ‘π/6 ಆಗಲ್ಲ ಅನ್ನಿಸ್ತತಿ ಸರ್, ಯಾಕೆ ಅಂತ ಗೊತ್ತಿಲ್ಲ.’ ಆ ಒಂದು ‘ಅನ್ನಿಸ್ತತಿ’ ನನಗೆ ದೊಡ್ಡದಾಗಿ ಕೇಳಿಸಿತು. ಸೂತ್ರ ‘ಹೌದು’ ಎನ್ನುತ್ತಿದ್ದರೂ ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ಹಾಳೆ ಕೊಟ್ಟು ರೇಖೆ ಬರೆ ಎಂದೆ. ಸೊನ್ನೆ ಡಿಗ್ರಿಯಲ್ಲಿ ಎತ್ತರ ಎಷ್ಟು? ಸೊನ್ನೆ. ತೊಂಬತ್ತರಲ್ಲಿ? ಒಂದು. ನಲವತ್ತೈದರಲ್ಲಿ? sin, cos ಎರಡೂ ಸಮ, ಹಾಗಾಗಿ ಅರ್ಧ. ಮೂರು ಚುಕ್ಕಿ ಸೇರಿಸಿದಳು. ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಏರುವ ಗೆರೆ ಆಯಿತು. ಸುತ್ತ ಆಯತ ಹಾಕು ಎಂದೆ. ಉದ್ದ π/2, ಎತ್ತರ 1. ಆಮೇಲೆ ನಾನು ಸುಮ್ಮನಿದ್ದೆ. ಅವಳು ಬಹಳ ಹೊತ್ತು ಹಾಳೆ ನೋಡಿದಳು. ಕೊನೆಗೆ ಹೇಳಿದಳು: ‘ಸರ್, ಇದು ನಮ್ಮ ದೊಡ್ಡಪ್ಪಂದು ನಮ್ಮಪ್ಪಂದು ಹೊಲ ಇದ್ದಂಗೆ ಐತಿ.’

ಅವರ ಮನೆಯಲ್ಲಿ ಆಗಷ್ಟೇ ಪಾಲಾಗಿತ್ತಂತೆ. ಹೊಲದ ನಡುವೆ ಮೂಲೆಯಿಂದ ಮೂಲೆಗೆ ಒಂದು ಡೊಂಕು ಬದು. ಬದುವಿನ ಕೆಳಗಿನ ಪಾಲು ಒಬ್ಬರಿಗೆ, ಮೇಲಿನದು ಇನ್ನೊಬ್ಬರಿಗೆ. ಬದು ಡೊಂಕಾಗಿದೆ, ಸಮಪಾಲು ಹೇಗಾಗುತ್ತದೆ ಎಂದು ಮನೆಯಲ್ಲಿ ಮಾತು ಬಂದಿತ್ತು. ‘ನಕ್ಷೆ ತಲೆಕೆಳಗೆ ತಿರುವಿದ್ರೆ ಒಂದರ ಮೇಲೊಂದು ಕೂರಬೇಕು ಸರ್, ಆಗ ಸಮ’ ಎನ್ನುತ್ತ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಳು. ಅವಳು ಬರೆದ ಗೆರೆ ತಿರುಗಿದ ಮೇಲೂ ಹಾಗೆಯೇ ಇತ್ತು.

ಲೆಕ್ಕದ ಒಡಲೆಲ್ಲ ಅದರಲ್ಲಿ ಬಂದುಬಿಟ್ಟಿತು. x ಬದಲು π/2 − x ಹಾಕುವುದೆಂದರೆ ಹೊಲವನ್ನು ಇನ್ನೊಂದು ತುದಿಯಿಂದ ಅಳೆಯುವುದು. ಈ ತುದಿಯಿಂದ ಹತ್ತು ಡಿಗ್ರಿಯಲ್ಲಿ ಕೆಳಗಿನವನಿಗೆ ಎಷ್ಟು ಸಿಕ್ಕಿದೆಯೋ ಆ ತುದಿಯಿಂದ ಹತ್ತು ಡಿಗ್ರಿಯಲ್ಲಿ ಮೇಲಿನವನಿಗೆ ಅಷ್ಟೇ ಸಿಕ್ಕಿದೆ. ಎರಡು ಕಡೆಯ ಅಳತೆ ಕೂಡಿದಾಗ 1 ಬರುವುದು ಆಯತದ ಪೂರಾ ಎತ್ತರ. ಆದ್ದರಿಂದಲೇ ಅರ್ಧ.

ಇಷ್ಟಾದ ಮೇಲೆ ಮೂರು ಪ್ರಶ್ನೆಗಳನ್ನೂ ಅವಳೇ ಬಿಡಿಸಿದಳು, ನಾನು ಪೆನ್ನು ಮುಟ್ಟಲಿಲ್ಲ. ವರ್ಗಮೂಲ ಹಾಕಿದರೆ, ಐದನೇ ಘಾತ ಹಾಕಿದರೆ ಬದುವಿನ ಡೊಂಕು ಬದಲಾಗುತ್ತದೆ. ಒಂದರಲ್ಲಿ ತುದಿಗಳಲ್ಲಿ ಕಡಿದು, ಇನ್ನೊಂದರಲ್ಲಿ ನಡುವೆ ಕಡಿದು. ಆದರೆ ತಿರುವಿ ಇಟ್ಟರೆ ಪ್ರತಿಸಲವೂ ಒಂದರ ಮೇಲೊಂದು ಕೂರುತ್ತದೆ, ಹಾಗಾಗಿ ಪಾಲು ಬದಲಾಗುವುದಿಲ್ಲ. π/6 ರಿಂದ π/3 ವರೆಗಿನ ಲೆಕ್ಕದಲ್ಲಿ ಹೊಲದ ಎರಡು ತುದಿಯಿಂದಲೂ ಮೂವತ್ತು ಮೂವತ್ತು ಡಿಗ್ರಿ ಕತ್ತರಿಸಿ ತೆಗೆದಂತಾಯಿತು. ಎರಡು ಕಡೆ ಸಮ ಕತ್ತರಿಸಿದ್ದರಿಂದ ನಡುವೆ ಉಳಿದದ್ದೂ ಸಮಪಾಲೇ. ಉದ್ದ π/6, ಅರ್ಧ π/12. a = π/2 ಎಂದು ಬರೆದರೂ ಉತ್ತರ ಬಂದದ್ದು ಈ ಸಮ ಕತ್ತರಿಯ ದೆಸೆಯಿಂದ. ಆ ಸಾಲನ್ನು ತಾನೇ ಹೊಡೆದುಹಾಕಿ, ತುದಿಗಳ ಮೊತ್ತ π/2 ಎಂದು ಬರೆದಳು.

ಮೂರನೆಯದರಲ್ಲಿ ಒಂದೇ ತುದಿಯಿಂದ, ಅರವತ್ತು ಡಿಗ್ರಿಯ ಆಚೆಗಿನದನ್ನು ಕತ್ತರಿಸಿದ್ದೇವೆ. ‘ಅಲ್ಲೇ ಸರ್ ಕೆಳಗಿನವನಿಗೆ ಜಾಸ್ತಿ ಇದ್ದದ್ದು. ಅದು ಹೋದ್ರೆ ಅವನಿಗೆ ಅರ್ಧಕ್ಕಿಂತ ಕಡಿಮೆ.’ ಸರಿಯಾದ ಉತ್ತರ, ಸರಿಯಾದ ಕಾರಣ. ಆಮೇಲೆ ಇಬ್ಬರೂ ಸೇರಿ ಇಂಟಿಗ್ರೇಟ್ ಮಾಡಿ ನೋಡಿದೆವು. ಬಂದದ್ದು ಸುಮಾರು 0.368. ಚೌಕದ ಸೂತ್ರ ಹೇಳುವ π/6 ಎಂದರೆ ಸುಮಾರು 0.524. ಕೆಳಗಿನವನಿಗೆ ಉಳಿದದ್ದು ನೂರಕ್ಕೆ 35 ಪಾಲು ಮಾತ್ರ. ಪರೀಕ್ಷೆಯಲ್ಲಿ ಈ ಲೆಕ್ಕ ಬಂದು ನಾಲ್ಕು ಆಯ್ಕೆಯಲ್ಲಿ π/6 ಇದ್ದಿದ್ದರೆ ಇಡೀ ಹಾಸ್ಟೆಲ್ ಅದನ್ನೇ ತುಂಬುತ್ತಿತ್ತು.

ಆ ಹುಡುಗಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಆ ವಾರ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ: ‘ರಾಮಾನುಜನ್ ಕೂಡ ಸ್ಟೆಪ್ ಬರೀತಿರಲಿಲ್ಲ ಅಂತಾರಲ್ಲ ಸರ್, ಉತ್ತರ ಸರಿ ಇದ್ರೆ ಸಾಲದಾ?’ ಒಳ್ಳೆಯ ಪ್ರಶ್ನೆ, ಉಡಾಫೆಯದಲ್ಲ. ಮರುದಿನ ತರಗತಿಯಲ್ಲಿ ಅದಕ್ಕೆ ಉತ್ತರ ಹೇಳಿದೆ. 1913ರ ಜನವರಿಯಲ್ಲಿ ಮದ್ರಾಸಿನಿಂದ ರಾಮಾನುಜನ್ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ಸಾಧನೆ ಇಲ್ಲದೆ ಫಲಿತಾಂಶಗಳನ್ನಷ್ಟೇ ಬರೆದಿದ್ದರು. ಹಾರ್ಡಿ ಬೆರಗಾದರು, ಆದರೆ ಮಾರುತ್ತರದಲ್ಲಿ ಕೇಳಿದ್ದು ಸಾಧನೆಗಳನ್ನೇ. ಅದಕ್ಕೆ ಕಾರಣವೂ ಇತ್ತು. ಒಂದು ಸಂಖ್ಯೆಯವರೆಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂಬ ಬಗ್ಗೆ ರಾಮಾನುಜನ್ ನಂಬಿದ್ದ ಸೂತ್ರ ಅವರು ತಿಳಿದಷ್ಟು ನಿಖರವಾಗಿರಲಿಲ್ಲ. ಅವರ ಅದ್ಭುತ ಫಲಿತಾಂಶಗಳೂ ಈ ಸೂತ್ರವೂ ಒಂದೇ ಕೈಬರಹದಲ್ಲಿ, ಒಂದೇ ಧೈರ್ಯದಲ್ಲಿ ಇದ್ದವು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಬೇರೆ ಮಾಡಲು ಸಾಧನೆಯೊಂದೇ ದಾರಿ. ಅಂಥ ಪ್ರತಿಭೆಗೇ ಕಾರಣ ಕೇಳಿದರು ಎಂದ ಮೇಲೆ ನಮ್ಮನ್ನು ಕೇಳುವುದು ಅವಮಾನವಲ್ಲ ಎಂದೆ. ಆ ಹುಡುಗ ತಲೆಯಾಡಿಸಿದ.

ಜಗಳೂರಿನಿಂದ ಹೊನ್ನಾಳಿಗೆ, ಅಲ್ಲಿಂದ ಚನ್ನಗಿರಿಗೆ ವರ್ಗವಾಗಿ ಬಂದೆ. ಚನ್ನಗಿರಿ ಅಡಿಕೆಯ ಸೀಮೆ. ಇಲ್ಲಿನ ಹುಡುಗರಲ್ಲಿ ಬಹಳ ಜನ ಸೂಳೆಕೆರೆಯ ನೀರು ಉಣ್ಣುವ ತೋಟದ ಮನೆಗಳಿಂದ ಬರುತ್ತಾರೆ, ಕೈಯಲ್ಲಿ ಫೋನಿದೆ. ಕೈಯಿಂದ ಕೈಗೆ ಹೋಗುತ್ತಿದ್ದ ಜೆರಾಕ್ಸಿನ ಜಾಗಕ್ಕೆ ಗ್ರೂಪಿನಲ್ಲಿ ಬರುವ ಪಿಡಿಎಫ್ ಬಂದಿದೆ. ಬಿಡಿಸಿದ ಲೆಕ್ಕ ಹುಡುಕುವುದು ಈಗ ಕಷ್ಟವೇ ಅಲ್ಲ. ಹಾಗಾಗಿ ಅಸೈನ್‌ಮೆಂಟಿನಲ್ಲಿ ಸರಿ ಉತ್ತರ ಇರುವುದು ಹುಡುಗನ ಬಗ್ಗೆ ಮೊದಲಿಗಿಂತಲೂ ಕಡಿಮೆ ಹೇಳುತ್ತದೆ. ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೂ ಆಂತರಿಕ ಅಂಕ ಬಂದ ಮೇಲೆ, ಅಂದರೆ 2023-24ರಿಂದ, ಗಣಿತದಲ್ಲಿ 100ಕ್ಕೆ 20 ಕಾಲೇಜಿನ ಕೈಯಲ್ಲಿವೆ. ಆ ಅಂಕಗಳನ್ನು ಎಲ್ಲರಿಗೂ ಪೂರ್ತಿ ಹಾಕಿ ಕಳಿಸುವ ಒತ್ತಡ ಎಲ್ಲ ಕಡೆ ಇದೆ. ಅಂಕ ಕೊಡಲು ನನಗೇನೂ ಬೇಸರವಿಲ್ಲ. ಆದರೆ ಕೊಡುವ ಮೊದಲು ಪ್ರತಿ ಹುಡುಗನಿಗೂ ಅವನ ಲೆಕ್ಕದಲ್ಲೇ ಒಂದು ಅಂಶ ಬದಲಾಯಿಸಿ ಕೇಳುತ್ತೇನೆ. ಹೊನ್ನಾಳಿಯ ಮೇಷ್ಟ್ರ ‘ಈಗ?’ ಅದೇ. ಭಾಷೆ ಅವನ ಇಷ್ಟ, ಸಮಯ ಅವನ ಇಷ್ಟ, ಪಕ್ಕದಲ್ಲಿ ಗೆಳೆಯನಿದ್ದರೂ ಅಡ್ಡಿಯಿಲ್ಲ.

ಇದಕ್ಕೆ ಮಿತಿಯೂ ಇದೆ. ಎಲ್ಲರಿಗೂ ಹೀಗೆ ಕೇಳಲು ಎಷ್ಟೋ ಮಧ್ಯಾಹ್ನಗಳು ಬೇಕು, ಸಿಲಬಸ್ ಕಾಯುವುದಿಲ್ಲ. ಕಾರಣ ಹೇಳುವುದನ್ನೂ ಕಂಠಪಾಠ ಮಾಡಿಕೊಂಡು ಬರುವವರಿದ್ದಾರೆ. ಒಬ್ಬ ಹೊಲದ ಕಥೆಯನ್ನು ನನ್ನ ಮಾತುಗಳಲ್ಲೇ ಒಪ್ಪಿಸಿದ. ಲಿಮಿಟ್ ಬದಲಾಯಿಸಿದಾಗ ಮತ್ತೆ ಅರ್ಧ ಎಂದ. ಹೀಗಾಗಿ ಈಗ ಕೊನೆಯ ಪ್ರಶ್ನೆಯನ್ನು ಅವರಿಂದಲೇ ಹಾಕಿಸುತ್ತೇನೆ. ಅರ್ಧದ ಸೂತ್ರ ನಡೆಯುವ ಹೊಸ ಲೆಕ್ಕ ಒಂದು, ನಡೆಯದ ಲೆಕ್ಕ ಒಂದು, ಎರಡೂ ಪುಸ್ತಕದಲ್ಲಿ ಇರಬಾರದು. ಈ ಕೆಲಸಕ್ಕೆ ಬೇರೆಯವರ ಉತ್ತರ ಒದಗುವುದು ಕಷ್ಟ. ಸೂತ್ರ ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯದೆ ಅದು ನಡೆಯದ ಲೆಕ್ಕ ಹಾಕಲು ಬರುವುದಿಲ್ಲ.

ಈ ವರ್ಷ ಹಿಂದಿನ ಸಾಲಿನಲ್ಲಿ ಕೂರುವ, ಮಾತು ಕಡಿಮೆಯ ಹುಡುಗನೊಬ್ಬ ನಡೆಯುವ ಲೆಕ್ಕವಾಗಿ π/8 ರಿಂದ 3π/8 ತಂದ, ನಡೆಯದ್ದಕ್ಕೆ π/8 ರಿಂದ π/2. ಮೊದಲನೆಯದರ ಉತ್ತರ π/8 ಎಂದು ಬರೆದಿದ್ದ. ಎಲ್ಲಿಂದ ತಂದೆ ಎಂದು ಕೇಳಲಿಲ್ಲ, ಹೇಗೆ ಆರಿಸಿದೆ ಎಂದೆ. ‘ಎರಡು ತುದಿ ಕೂಡಿದ್ರೆ π/2 ಬರಬೇಕು ಸರ್. ಬಂದ್ರೆ ಎರಡು ಕಡೆಯಿಂದ ಸಮ ಕತ್ತರಿಸಿದಂಗೆ, ಇಲ್ದಿದ್ರೆ ಒಬ್ಬನಿಗೆ ಮೋಸ’ ಎಂದ. ಅಸೈನ್‌ಮೆಂಟಿನ ಪೂರ್ತಿ ಅಂಕವನ್ನು ನಾನು ಕೊಟ್ಟದ್ದು ಆ ಎರಡು ವಾಕ್ಯಗಳಿಗೆ. ಉತ್ತರ ಒಂದು ಲೆಕ್ಕಕ್ಕೆ ಆಗಿ ಮುಗಿಯುತ್ತದೆ. ಅವನು ಹೇಳಿದ ಕಾರಣ ಅವನು ಇನ್ನೂ ನೋಡದ ಲೆಕ್ಕಗಳಿಗೂ ಆಗುತ್ತದೆ, ಮತ್ತು ಯಾವ ಲೆಕ್ಕಕ್ಕೆ ಆಗುವುದಿಲ್ಲ ಎಂಬುದನ್ನೂ ಅವನಿಗೆ ಮೊದಲೇ ಹೇಳುತ್ತದೆ.